ತೌಡಿನ ದುಡ್ಡು ಆದಾಯಕ್ಕಾ, ಅಕ್ಕಿ ಕಾಸ್ಟ್‌ಗಾ?

ಪ್ರಶ್ನೆ: ಶಿಕಾರಿಪುರ ಕಡೆ ಒಂದು ರೈಸ್ ಮಿಲ್ಲಲ್ಲಿ ಲೆಕ್ಕ ಬರೀತೀನಿ. ತೌಡಿನ ಲೋಡ್ ಹೋದಾಗೆಲ್ಲ ಬಂದ ದುಡ್ಡನ್ನ ಟ್ಯಾಲಿಯಲ್ಲಿ Indirect Incomes ಕೆಳಗೆ ಹಾಕ್ತಾ ಬಂದಿದೀನಿ. ಈ ಸಲ ಆಡಿಟರ್ರು, ಅದನ್ನ ಅಕ್ಕಿ ಕಾಸ್ಟಲ್ಲಿ ಕಳೀಬೇಕಿತ್ತು ಅಂದ್ರು. ಹೆಂಗ್ ಬರೆದ್ರೂ ದುಡ್ಡು ಅಷ್ಟೇ ತಾನೆ?

ದುಡ್ಡು ಅಷ್ಟೇ ಮಾರಾಯ್ರೆ, ಆದ್ರೆ ಅದು ಯಾವ ವರ್ಷದ ಲಾಭಕ್ಕೆ ಹೋಗಿ ಕೂರುತ್ತೆ ಅನ್ನೋದ್ರಲ್ಲೇ ಇರೋದು ಗಲಾಟೆ. ಒಂದು ಲೆಕ್ಕ ಹಾಕೇ ನೋಡಣ. ಅಂಕಿ ನಾನೇ ಹಾಕ್ಕೊಂಡಿದ್ದು, ನುಚ್ಚು ಉಮಿ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ.

ಮಾರ್ಚ್ ಕೊನೇ ವಾರ ಸಾವಿರ ಕ್ವಿಂಟಾಲ್ ಭತ್ತ ಹೊಡೆಸಿದ್ರಿ ಅಂದ್ಕೊಳ್ಳಿ. ಭತ್ತ, ಕರೆಂಟು, ಕೂಲಿ ಎಲ್ಲ ಸೇರಿ 24 ಲಕ್ಷ. ಇದೇ ಜಾಯಿಂಟ್ ಕಾಸ್ಟು, ಯಾಕಂದ್ರೆ ಅಕ್ಕಿಗೆಷ್ಟು ತೌಡಿಗೆಷ್ಟು ಅಂತ ಬಿಡಿಸೋಕೆ ಆಗಲ್ಲ, ಒಂದೇ ಭತ್ತದಿಂದ ಎರಡೂ ಬಂದಿರೋದು. ಬಂದಿದ್ದು 640 ಕ್ವಿಂಟಾಲ್ ಅಕ್ಕಿ, 80 ಕ್ವಿಂಟಾಲ್ ತೌಡು. ಮಾರ್ಚ್ 31ಕ್ಕೆ 480 ಕ್ವಿಂಟಾಲ್ ಅಕ್ಕಿ ಕ್ವಿಂಟಾಲಿಗೆ 4,200ರ ಹಾಗೆ ಹೋಗಿದೆ, 160 ಗೋಡೌನಲ್ಲಿದೆ, ತೌಡಿನ ಲಾರಿ ಇನ್ನೂ ಹೊರಟಿಲ್ಲ.

ನಿಮ್ಮ ರೀತಿಯಲ್ಲಿ ತೌಡು ಮಾರೋವರೆಗೂ ಪುಸ್ತಕಕ್ಕೆ ಅದು ಕಾಣಿಸೋದೇ ಇಲ್ಲ, ಸ್ಟಾಕಲ್ಲಿ ಅದರ ಬೆಲೆ ಸೊನ್ನೆ. ಪೂರ್ತಿ 24 ಲಕ್ಷ ಅಕ್ಕಿ ಮೇಲೇ ಬೀಳುತ್ತೆ, ಕ್ವಿಂಟಾಲಿಗೆ 3,750. ಮಾರಿದ 480ಕ್ಕೆ 450 ರೂಪಾಯಿಯಂತೆ ಲಾಭ 2,16,000.

ಆಡಿಟರ್ ಹೇಳಿದ ರೀತಿಯಲ್ಲಿ, ತೌಡು ಮಿಲ್ಲಿಂದ ಹೊರಗೆ ಬಿದ್ದಾಗಲೇ ಅದಕ್ಕೊಂದು ಬೆಲೆ ಕಟ್ತೀವಿ. ಮಾರ್ಕೆಟ್ ರೇಟ್ 1,800 ಇದ್ರೆ ಅಷ್ಟನ್ನೂ ತಗೊಳ್ಳಂಗಿಲ್ಲ, ಚೀಲ, ಹಮಾಲಿ, ಲಾರಿ ಬಾಡಿಗೆ ಅಂತ 200 ಕಳೆದು ಕೈಗೆ ಉಳಿಯೋ 1,600 ಮಾತ್ರ. 80 ಕ್ವಿಂಟಾಲಿಗೆ 1,28,000. ಇದನ್ನ 24 ಲಕ್ಷದಲ್ಲಿ ಕಳೆದ್ರೆ 22,72,000, ಅಕ್ಕಿ ಕ್ವಿಂಟಾಲಿಗೆ 3,550ಕ್ಕೆ ಬೀಳುತ್ತೆ. ಲಾಭ 3,12,000.

96 ಸಾವಿರ ಫರಕು! ಅದೆಲ್ಲಿಂದ ಬಂತು ಅಂದ್ರೆ, ಅಕ್ಕಿಯಲ್ಲಿ ಮುಕ್ಕಾಲು ಪಾಲು ಮಾರಿದೆ, ಹಂಗಾಗಿ ತೌಡಿನ 1,28,000ದಲ್ಲೂ ಮುಕ್ಕಾಲು ಪಾಲು ಈ ವರ್ಷದ ಲಾಭಕ್ಕೆ ಬಂತು, ಉಳಿದ ಕಾಲು ಪಾಲು ಗೋಡೌನಲ್ಲಿರೋ ಅಕ್ಕಿಯ ಕಾಸ್ಟನ್ನ ಇಳಿಸಿ ಕೂತಿದೆ. ಉಳಿದ ಅಕ್ಕಿ, ತೌಡು ಎಲ್ಲ ಇದೇ ರೇಟಿಗೆ ಖಾಲಿಯಾದ ಮೇಲೆ ಎರಡೂ ವರ್ಷದ್ದು ಕೂಡಿಸಿ ನೋಡಿ, ಯಾವ ರೀತಿ ಬರೆದಿದ್ರೂ 4,16,000ವೇ.

ಈಗ ಮಜಾ ಇರೋದು ಇಲ್ಲಿ. ಅದೇ ತೌಡಿನ ಲಾರಿ ಮಾರ್ಚ್ 30ಕ್ಕೇ ಹೊರಟಿದ್ರೆ? ನಿಮ್ಮ ರೀತಿಯಲ್ಲಿ ಲಾಭ 2,16,000 ಇದ್ದದ್ದು ಹಾಡುಹಗಲೇ 3,44,000 ಆಗ್ತಿತ್ತು. ಅಕ್ಕಿ ಒಂದು ಕಾಳೂ ಹೆಚ್ಚು ಮಾರಿಲ್ಲ, ಲಾರಿ ಎರಡು ದಿನ ಮುಂಚೆ ಹೋಗಿದೆ ಅಷ್ಟೇ. ಎರಡನೇ ರೀತಿಯಲ್ಲಿ ಲಾರಿ ಯಾವತ್ತು ಹೊರಟ್ರೂ 3,12,000ವೇ. ನನ್ನ ಕೇಳಿದ್ರೆ ಆಡಿಟರ್ ಪಟ್ಟು ಹಿಡಿದಿರೋದು ಇದಕ್ಕೇ, ಲಾರಿ ಡ್ರೈವರ್ ಕೈಯಲ್ಲಿ ಮಿಲ್ಲಿನ ಲಾಭ ಇರಬಾರದು ನೋಡಿ. ಸ್ಟಾಕಿಗೆ ಬೆಲೆ ಕಟ್ಟೋದು ಹೇಗೆ ಅಂತ ಹೇಳೋ ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಎಎಸ್ 2 ಕೂಡ, ಉಪ ಉತ್ಪನ್ನ ಸಣ್ಣ ಮೊತ್ತದ್ದಾದ್ರೆ ಸಾಮಾನ್ಯವಾಗಿ ಅದರ ನಿವ್ವಳ ಮಾರಾಟ ಬೆಲೆಯನ್ನ ಮುಖ್ಯ ಮಾಲಿನ ಕಾಸ್ಟಲ್ಲಿ ಕಳೀತಾರೆ ಅಂತಲೇ ಹೇಳುತ್ತೆ. ಹಾಗಂತ ನಿಮ್ಮದು ಪೂರ್ತಿ ತಪ್ಪು ಅಂತಲೂ ಅಲ್ಲ, ವರ್ಷಕ್ಕೆ ನಾಲ್ಕು ಚೀಲ ಮಾರೋರಿಗೆ ಅದೇ ಸಾಕು.

ಆದ್ರೆ ಬದಲಾಯಿಸುವಾಗ ಎಡವೋದು ಒಂದು ಕಡೆ ಇದೆ. ಮಾರ್ಚಲ್ಲಿ ಕಾಸ್ಟಿಂದ 1,28,000 ಕಳೆದುಬಿಟ್ಟು, ಏಪ್ರಿಲಲ್ಲಿ ದುಡ್ಡು ಬಂದಾಗ ಹಳೇ ಅಭ್ಯಾಸದಲ್ಲಿ ಮತ್ತೆ Indirect Incomes ಗೆ ಹಾಕಿದ್ರೆ ಒಂದೇ ತೌಡಿಗೆ ಎರಡು ಸಲ ಲಾಭ ತಗೊಂಡಂಗಾಯ್ತು. ಕಂಡುಹಿಡಿಯೋದು ಸುಲಭ, ತೌಡಿನ ಸ್ಟಾಕ್ ಲೆಡ್ಜರ್ ತೆಗೀರಿ. ಗೋಡೌನಲ್ಲಿ ತೌಡು ಖಾಲಿ, ಲೆಡ್ಜರಲ್ಲಿ 1,28,000 ಹಂಗೇ ಇದೆ ಅಂದ್ರೆ ಅದೇ ಆಗಿರೋದು. ಮಾರಿದ ದುಡ್ಡಲ್ಲಿ ಸಾಗಣೆ ಖರ್ಚು ಕಳೆದು ಉಳಿದದ್ದು ಆ ಲೆಡ್ಜರಿಗೇ ಕ್ರೆಡಿಟ್ ಆಗಬೇಕು.

ಇನ್ನು ರೇಟು. ಹಸಿ ತೌಡು ಇಟ್ಟಷ್ಟೂ ಕಮಟು ಹಿಡಿಯುತ್ತೆ, ನಿಮಗೇ ಗೊತ್ತು, ಎಣ್ಣೆ ತೆಗೆಯೋರು ಅದಕ್ಕೆ ಒಳ್ಳೆ ರೇಟ್ ಕೊಡಲ್ಲ, ಕೊನೆಗೆ ದನದ ಮೇವಿಗೆ ಅಂತ ಕಮ್ಮಿಗೆ ಹೋಗುತ್ತೆ. ಬರೀ ಹಾಲಿ ಮಾರ್ಕೆಟ್ ರೇಟು ಹಿಡಿದು 1,600 ಬರೆದು, ಏಪ್ರಿಲಲ್ಲಿ ಕೈಗೆ 1,200 ಬಂತು ಅಂದ್ರೆ 32 ಸಾವಿರ ನಷ್ಟ ಹೊಸ ವರ್ಷದ ತಲೆ ಮೇಲೆ. ಹಂಗಾಗಿ ಮಾರ್ಚ್ 31ರಂದು ಗೋಡೌನಿಗೆ ಹೋಗಿ ಚೀಲ ಬಿಚ್ಚಿ, ಮೂಸಿ ನೋಡಿ ಆಮೇಲೆ ರೇಟ್ ಬರೀರಿ.