ಜಾಯಿಂಟ್ ಹೋಲ್ಡಿಂಗ್ ಬೇರೆ, ಜಾಯಿಂಟ್ ಗೋಲ್ ಬೇರೆ

ಮದುವೆ ಆದ್ಮೇಲೆ ಬ್ಯಾಂಕಲ್ಲಿ ಜಾಯಿಂಟ್ ಅಕೌಂಟ್ ಮಾಡಿಸ್ದಂಗೆ ಮ್ಯೂಚುವಲ್ ಫಂಡೂ ಇಬ್ರ ಹೆಸ್ರಲ್ಲೇ ಇರ್ಲಿ ಅನ್ನೋರು ಸುಮಾರ್ ಜನ. ಜಾಯಿಂಟ್ ಹೋಲ್ಡಿಂಗ್ ಅಂದ್ರೆ ಒಂದು ಫೋಲಿಯೋದಲ್ಲಿ, ಅಂದ್ರೆ ಒಂದೇ ಫಂಡ್ ಖಾತೆಲಿ ಎರಡು ಹೆಸ್ರು, ಅಷ್ಟೇ. ಫಾರ್ಮಲ್ಲಿ 'ಜಾಯಿಂಟ್' ಅಂತ ಟಿಕ್ ಮಾಡಿದ್ರೆ ದುಡ್ಡು ತೆಗೆಯೋಕೆ ಇಬ್ರೂ ಒಪ್ಬೇಕು, 'ಎನಿವನ್ ಆರ್ ಸರ್ವೈವರ್' ಅಂತಿದ್ರೆ ಒಬ್ರೇ ತೆಗೀಬಹುದು. ಗಂಡ ಎಫ್‌ಡಿ ಪಾರ್ಟಿ, ಹೆಂಡ್ತಿ ಷೇರ್ ಪಾರ್ಟಿ ಆಗಿದ್ರೆ ಎರಡೂ ಕಷ್ಟನೇ: ಮಾರ್ಕೆಟ್ ಬಿದ್ದಾಗ ಮೊದಲ್ನೇದ್ರಲ್ಲಿ ಸೈನ್‌ಗೋಸ್ಕರ ಜಗಳ, ಎರಡನೇದ್ರಲ್ಲಿ ಹೆದರಿದವ್ರು ಹೇಳ್ದೆ ಕೇಳ್ದೆ ಮಾರ್ಬಿಡ್ಬಹುದು.

ಜಾಯಿಂಟ್ ಗೋಲ್ ಹಂಗಲ್ಲ, ಅದು ಇಬ್ರೂ ಕೂತು ಒಪ್ಕೊಳ್ಳೋ ಗುರಿ, ಹೆಸ್ರು ಯಾರ್ದಾದ್ರೂ ಇರ್ಲಿ. ಮಗಳಿಗೆ 3 ವರ್ಷ, 18ಕ್ಕೆ ಕಾಲೇಜು, ಕೈಲಿ 15 ವರ್ಷ ಇದೆ ಅನ್ಕೊಳ್ಳಿ. ಹೆಂಡ್ತಿ ತಿಂಗಳಿಗೆ 25,000, ಗಂಡ 15,000 ಹಾಕ್ತಾರೆ, ಒಟ್ಟು 40,000. 60 ಭಾಗ ಷೇರು, 40 ಭಾಗ ಸೇಫ್ ಅಂತ ಮನೆ ಲೆಕ್ಕದಲ್ಲಿ ಒಪ್ಪಿದ್ರೆ 24,000 ಅವಳ ನಿಫ್ಟಿ ಇಂಡೆಕ್ಸ್ ಫಂಡ್ ಎಸ್‌ಐಪಿಗೆ, ಉಳಿದ 1,000 ಅವಳದೇ ಆರ್‌ಡಿಗೆ, ಅವನು 12,500 ಪಿಪಿಎಫ್‌ಗೆ 2,500 ಆರ್‌ಡಿಗೆ. ಪಿಪಿಎಫ್ ಹೆಂಗಿದ್ರೂ ಜಾಯಿಂಟಾಗಿ ಮಾಡೋಕಾಗಲ್ಲ. ಇಬ್ರಿಗೂ ರಾತ್ರಿ ನಿದ್ದೆ ಬರತ್ತೆ.

ಎಡವೋದು ಎಲ್ಲಿ ಅಂದ್ರೆ, ತಮ್ಮ ತಮ್ಮ ಸ್ಟೇಟ್‌ಮೆಂಟ್ ಮಾತ್ರ ನೋಡೋದು. 2020ರ ಮಾರ್ಚಲ್ಲಿ ನಿಫ್ಟಿ ಜನವರಿ ಎತ್ತರದಿಂದ ಸುಮಾರು 38% ಬಿತ್ತು. ಅವಳ ಫಂಡ್ 6 ಲಕ್ಷ, ಅವನ ಕಡೆ 4 ಲಕ್ಷ ಇದ್ದಿದ್ರೆ ಅವಳದು 3.72 ಲಕ್ಷಕ್ಕೆ ಇಳೀತಿತ್ತು, 'ನಾನ್ ಹೇಳ್ಲಿಲ್ವಾ' ಅಂತ ಅವನು ಶುರು ಹಚ್ಕೊಳ್ತಿದ್ದ. ಆದ್ರೆ ಇಬ್ರದ್ದೂ ಸೇರ್ಸಿ ಮನೆ ಲೆಕ್ಕದಲ್ಲಿ ನೋಡಿದ್ರೆ ನಷ್ಟ 23%, ಷೇರಿನ ಪಾಲು 60ರಿಂದ 48ಕ್ಕೆ ಬಂದಿದೆ, ಅಂದ್ರೆ ಈಗ ಹೊಸ ದುಡ್ಡು ಷೇರಿಗೇ ಹೋಗ್ಬೇಕು. ಪಾಲು ಎಷ್ಟು ಇಳಿದ್ರೆ ಹಿಂಗೆ ಮಾಡೋದು ಅಂತ ಮೊದ್ಲೇ ಬರ್ದಿಟ್ಕೊಳ್ಳಿ, ಬಿದ್ದ ದಿನ ಕೂತು ಮಾತಾಡಿದ್ರೆ ಆಗಲ್ಲ (ನಮ್ಮನೇಲಿ ಟ್ರೈ ಮಾಡಿದ್ವಿ, ಊಟ ತಣ್ಣಗಾಯ್ತು ಅಷ್ಟೇ).

ಆದ್ರೆ ಅವನು ತನ್ನ ದುಡ್ಡನ್ನ ಹೆಂಡ್ತಿಗೆ ಗಿಫ್ಟ್ ಕೊಟ್ಟು ಅವಳ ಹೆಸ್ರಲ್ಲಿ ಹಾಕ್ಸಿದ್ರೆ ಅದ್ರಿಂದ ಬರೋ ಆದಾಯ ಟ್ಯಾಕ್ಸ್‌ಗೆ ಅವನ ಲೆಕ್ಕಕ್ಕೇ ಸೇರತ್ತೆ, ಇದಕ್ಕೆ ಕ್ಲಬ್ಬಿಂಗ್ ಅಂತಾರೆ. ಅದ್ರ ಬದ್ಲು ಮನೆ ಖರ್ಚು ಅವನು ಜಾಸ್ತಿ ನೋಡ್ಕೊಂಡು, ಅವಳು ತನ್ನ ಸಂಬಳದಿಂದಲೇ ಎಸ್‌ಐಪಿ ಜಾಸ್ತಿ ಮಾಡ್ಲಿ. ಬೇರೆ ಬೇರೆ ಹೆಸ್ರಲ್ಲಿ ಹಾಕೋರು ನಾಮಿನಿ ಜಾಗದಲ್ಲಿ ಒಬ್ರನ್ನೊಬ್ರು ಹಾಕೋದನ್ನ ಮಾತ್ರ ಮರೀಬೇಡಿ, ಮದುವೆಗೆ ಮುಂಚೆ ಓಪನ್ ಮಾಡಿದ ಫೋಲಿಯೋದಲ್ಲಿ ಇನ್ನೂ ಅಪ್ಪನ ಹೆಸ್ರೇ ಇರತ್ತೆ.