ಆರನೇ ಆಳು ಬಂದರೂ ಫಸಲು ಏಕೆ ಹೆಚ್ಚಲಿಲ್ಲ?

ಉಳಿದದ್ದೆಲ್ಲ ಹಾಗೇ ಇದ್ದು ಆಳುಗಳು ಮಾತ್ರ ಹೆಚ್ಚುತ್ತಾ ಹೋದರೆ, ಒಂದು ಹಂತದ ನಂತರ ಪ್ರತಿ ಹೊಸಬನಿಂದ ಸೇರುವ ಫಸಲು ಕಡಿಮೆಯಾಗುತ್ತದೆ ಎನ್ನುತ್ತದೆ ಇಳಿಮುಖ ಪ್ರತಿಫಲ ನಿಯಮ. ಇದನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ಜಾಸ್ತಿ ಕೇಳುವ ಪ್ರಶ್ನೆ ಒಂದಿದೆ. ‘ಹಾಗಾದರೆ ಕೊನೆಗೆ ಬಂದ ಆಳು ಸೋಮಾರಿ, ಅಲ್ವಾ?’ ಖಂಡಿತ ಅಲ್ಲ. ಎಲ್ಲರೂ ಒಂದೇ ಥರ ದುಡಿಯುತ್ತಾರೆ ಎಂದು ಇಟ್ಟುಕೊಂಡೇ ಈ ನಿಯಮ ಶುರುವಾಗುತ್ತದೆ.

ಒಂದು ಎಕರೆ ಹೊಲ ಇದೆ ಎನ್ನಿ. ಬೀಜ, ಗೊಬ್ಬರ, ನೀರು, ಸಲಕರಣೆ ಯಾವುದೂ ಬದಲಾಗುವುದಿಲ್ಲ. ಆಳುಗಳು ಮಾತ್ರ ಹೆಚ್ಚುತ್ತಾರೆ. ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಬ್ಬನೇ ದುಡಿದರೆ 4 ಚೀಲ ಧಾನ್ಯ. ಇಬ್ಬರಾದರೆ 10, ಏಕೆಂದರೆ ಕೆಲಸ ಹಂಚಿಕೊಳ್ಳಬಹುದು. ಮೂವರಾದರೆ 15, ನಾಲ್ವರಾದರೆ 18, ಐವರಾದರೆ 20. ಆರನೆಯವನು ಬಂದರೂ 20 ಚೀಲವೇ. ಏಳನೆಯವನು ಬಂದರೆ 19ಕ್ಕೆ ಇಳಿಯುತ್ತದೆ. ಕಳೆ ಆಗಲೇ ಕಿತ್ತಾಗಿದೆ, ಸಲಕರಣೆ ಸಾಲುತ್ತಿಲ್ಲ, ಪೈರು ಕಾಲಿಗೆ ಸಿಕ್ಕಿ ಹಾಳಾಗುತ್ತಿದೆ.

ಒಟ್ಟು ಫಸಲು ಐದನೆಯವನವರೆಗೂ ಏರುತ್ತಲೇ ಇದೆ. ಆದರೆ ಹೊಸಬನಿಂದ ಸೇರುವ ಪಾಲು ಮೂರನೆಯವನಿಂದಲೇ ಇಳಿಯತೊಡಗಿದೆ. ಈ ಪಾಲಿಗೆ ಸೀಮಾಂತ ಉತ್ಪನ್ನ ಎನ್ನುತ್ತಾರೆ. ಇದನ್ನು ಬಿಟ್ಟು ಸರಾಸರಿ ನೋಡುವುದರಿಂದಲೇ ಲೆಕ್ಕ ತಪ್ಪುವುದು.

ಒಬ್ಬ ಆಳಿಗೆ ಹಂಗಾಮಿನ ಕೂಲಿ ಎರಡೂವರೆ ಚೀಲ ಎನ್ನೋಣ. ಐವರಿದ್ದಾಗ ಸರಾಸರಿ 4 ಚೀಲ. ‘ನಾಲ್ಕು ಬೆಳೆದು ಎರಡೂವರೆ ಕೊಡುತ್ತಿದ್ದೇನೆ, ಲಾಭವೇ’ ಎಂದು ಮಾಲೀಕನಿಗೆ ಅನಿಸುತ್ತದೆ. ಆದರೆ ಐದನೆಯವನು ತಂದದ್ದು 2 ಚೀಲ ಮಾತ್ರ. ನಾಲ್ವರಿದ್ದಾಗ ಕೂಲಿ ಕಳೆದು 8 ಚೀಲ ಉಳಿಯುತ್ತಿತ್ತು. ಈಗ ಉಳಿಯುವುದು ಏಳೂವರೆ.

ಹೊಲವನ್ನು ಕುಟುಂಬವೇ ದುಡಿಯುವಾಗ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಕೂಲಿ ಇಲ್ಲ, ಬೆಳೆದದ್ದನ್ನು ಎಲ್ಲರೂ ಹಂಚಿ ಉಣ್ಣುತ್ತಾರೆ. ಆರು ಜನರಿದ್ದರೆ ತಲೆಗೆ ಮೂರು ಚೀಲಕ್ಕಿಂತ ತುಸು ಜಾಸ್ತಿ ಬರುತ್ತದೆ. ಹೊರಗೆ ಎರಡೂವರೆ ಸಿಗುವಾಗ ಆರನೆಯವನು ಹೋಗಲು ಒಪ್ಪುವನೇ? ಒಪ್ಪುವುದಿಲ್ಲ, ಅವನಿಗೆ ಮನೆಯ ಪಾಲೇ ದೊಡ್ಡದು. ಅವನು ಹೋದರೆ ಹೊಲದಲ್ಲಿ 20 ಚೀಲ ಹಾಗೇ ಉಳಿದು, ಮನೆಯ ಒಟ್ಟು ಆದಾಯ ಇಪ್ಪತ್ತೆರಡೂವರೆ ಆಗುತ್ತಿತ್ತು. ಇದನ್ನೇ ಮರೆಮಾಚಿದ ನಿರುದ್ಯೋಗ ಎನ್ನುವುದು. ಕುಟುಂಬದ ಹೊಲ ಸರಾಸರಿಯ ಮೇಲೆ ನಡೆಯುತ್ತದೆ ಎಂಬ ಈ ಅಂಶವನ್ನು 1954ರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್, ಹೊಲದಲ್ಲಿ ಹೆಚ್ಚಾದವರು ಕೈಗಾರಿಕೆಗೆ ಹೋಗಿ ದುಡಿಯಬಹುದು ಎಂಬ ತಮ್ಮ ವಾದದ ಬುನಾದಿಯಾಗಿ ಬಳಸಿದರು.

ಆದರೆ ಒಬ್ಬ ಹೆಚ್ಚಾಗಿದ್ದಾನೆ ಎಂದು ಸುಮ್ನೆ ಕಳೆ ಕೀಳುವ ದಿನ ನೋಡಿ ಹೇಳಬಾರದು. ಅದೇ ಆರು ಜನ ಕೊಯ್ಲಿನ ವಾರದಲ್ಲಿ ಸಾಲದೇ ಹೋಗಬಹುದು. ಆಗ ಒಬ್ಬ ಇಲ್ಲದಿದ್ದರೆ ಮಾಗಿದ ಕಾಳು ಹೊಲದಲ್ಲೇ ಉದುರುತ್ತದೆ. ಅವನು ನಿಜಕ್ಕೂ ಹೆಚ್ಚೇ ಎಂದು ತಿಳಿಯಲು, ಅವನಿಲ್ಲದೆ ಬಿತ್ತನೆಯಿಂದ ಕೊಯ್ಲಿನವರೆಗೆ ಇಡೀ ಹಂಗಾಮು ಕಳೆದು ನೋಡಬೇಕು. ಆಗಲೂ ಫಸಲು ಅಷ್ಟೇ ಬಂತಾ? ಉಳಿದ ಐವರು ಅದಕ್ಕಾಗಿ ದಿನಕ್ಕೆ ಎಷ್ಟು ಹೊತ್ತು ಹೆಚ್ಚು ದುಡಿದರು? ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟರೆ, ಅವರ ಬೆವರನ್ನೇ ಆರನೆಯವನ ವ್ಯರ್ಥ ದುಡಿಮೆ ಎಂದು ಬರೆದಿಟ್ಟಂತಾಗುತ್ತದೆ.