ಅರವತ್ತು ತುಂಬುವುದು ಯಾವ ದಿನ, ಸಾವಿರ ಹುಣ್ಣಿಮೆ ಆಗುವುದು ಯಾವಾಗ?

ಪಂಚಾಂಗ ಓದಲು ಕಲಿಯುತ್ತಿರುವವರಿಗೆ ಮನೆಯವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಅಪ್ಪನ ಅರವತ್ತರ ಶಾಂತಿ ಯಾವತ್ತು ಇಟ್ಟುಕೊಳ್ಳೋಣ?" ಆಧಾರ್ ಕಾರ್ಡಿನ ತಾರೀಖಿಗೆ 60 ಕೂಡಿಸಿ ಉತ್ತರ ಹೇಳಿದರೆ ಪುರೋಹಿತರು ಒಪ್ಪುವುದಿಲ್ಲ. ಹಿರಿಯರ ಶಾಲಾ ದಾಖಲೆಯಲ್ಲಿ ಮೇಷ್ಟ್ರು ದಾಖಲಾತಿಗೆ ಹೊಂದಿಸಿ ಬರೆದ ತಾರೀಖೇ ಎಷ್ಟೋ ಸಲ ಉಳಿದುಕೊಂಡಿರುತ್ತದೆ. ಅದಕ್ಕೇ ಸರ್ಕಾರಿ ನೌಕರರ ನಿವೃತ್ತಿ ಒಂದು ದಿನ, ಷಷ್ಟ್ಯಬ್ದಿ ಇನ್ನೊಂದು ದಿನ ಬರುವುದು ಮಾಮೂಲು. ಅಜ್ಜಿಯನ್ನು ಕೇಳಿದರೆ ಮಾತ್ರ "ರಥಸಪ್ತಮಿ ದಿನ ಬೆಳಿಗ್ಗೆ ಹುಟ್ಟಿದ್ದು" ಎನ್ನುತ್ತಾರೆ. ಲೆಕ್ಕಕ್ಕೆ ಬೇಕಾದ ಮಾಸ, ಪಕ್ಷ, ತಿಥಿ ಮೂರೂ ಆ ಒಂದು ಮಾತಿನಲ್ಲಿವೆ.

ಆ ಅಪ್ಪನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವರು ಹುಟ್ಟಿದ್ದು 1966ರ ರಥಸಪ್ತಮಿಯಂದು, ಅಂದರೆ ಮಾಘ ಶುದ್ಧ ಸಪ್ತಮಿ. ಇಂಗ್ಲಿಷ್ ಲೆಕ್ಕದಲ್ಲಿ ಅದು ಜನವರಿ ಕೊನೆಯ ವಾರ. 1966 ಎಂದ ಕೂಡಲೇ ಕೆಲವರು "ಪರಾಭವ ಸಂವತ್ಸರ" ಎಂದುಬಿಡುತ್ತಾರೆ. ಆದರೆ ಪರಾಭವ ಶುರುವಾಗಿದ್ದು ಆ ವರ್ಷದ ಯುಗಾದಿಗೆ, ಮಾರ್ಚ್‌ನಲ್ಲಿ. ಜನವರಿಯಲ್ಲಿ ಇನ್ನೂ 1965ರ ಯುಗಾದಿಗೆ ಬಂದ ವಿಶ್ವಾವಸುವೇ ನಡೆಯುತ್ತಿತ್ತು. ಜನವರಿಯಿಂದ ಯುಗಾದಿಯವರೆಗೆ ಹುಟ್ಟಿದವರ ಸಂವತ್ಸರ ನೋಡುವಾಗ ಹಿಂದಿನ ಇಸವಿಗೆ ಹೋಗಬೇಕು. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ.

ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು 60. ಒಂದು ಸುತ್ತು ಮುಗಿದರೆ ಹುಟ್ಟಿದ ಸಂವತ್ಸರವೇ ಮತ್ತೆ ಬರುತ್ತದೆ. ವಿಶ್ವಾವಸು ಮರಳಿ ಬಂದಿದ್ದು 2025ರ ಯುಗಾದಿಗೆ, ಮಾರ್ಚ್ 30ರಂದು. ಆ ಸಂವತ್ಸರದ ಮಾಘ ಶುದ್ಧ ಸಪ್ತಮಿ 2026ರ ಜನವರಿ 25ಕ್ಕೆ ಬಿತ್ತು. ಅಪ್ಪನಿಗೆ ಅರವತ್ತು ತುಂಬಿದ್ದು ಅಂದು. ಸಂವತ್ಸರ, ಮಾಸ, ಪಕ್ಷ, ತಿಥಿ ನಾಲ್ಕೂ ಜಾತಕದಲ್ಲಿ ಇದ್ದಂತೆಯೇ ಕೂಡಿಬಂದರೆ ಲೆಕ್ಕ ಸರಿಯಾಗಿದೆ ಎಂದರ್ಥ.

ಅರವತ್ತರ ಹೆಸರಿನಲ್ಲಿ ಎರಡು ಶಾಂತಿಗಳಿವೆ, ಗೊಂದಲಕ್ಕೆ ಅದೂ ಒಂದು ಕಾರಣ. 59 ತುಂಬಿ ಅರವತ್ತಕ್ಕೆ ಕಾಲಿಡುವಾಗ ಮಾಡುವುದು ಉಗ್ರರಥ ಶಾಂತಿ. 60 ತುಂಬಿದಾಗ ಮಾಡುವುದು ಷಷ್ಟಿಪೂರ್ತಿ ಅಥವಾ ಷಷ್ಟ್ಯಬ್ದಿ. ನಮ್ಮ ಉದಾಹರಣೆಯಲ್ಲಿ ಮೊದಲನೆಯದರ ದಿನ 2025ರ ರಥಸಪ್ತಮಿ, ಫೆಬ್ರವರಿ 4. ಆಗಿನ್ನೂ ನಡೆಯುತ್ತಿದ್ದುದು ಕ್ರೋಧಿ ಸಂವತ್ಸರ. ಮನೆಯವರು ಬರೀ "ಅರವತ್ತರ ಶಾಂತಿ" ಎಂದರೆ ಅರವತ್ತು ನಡೆಯುತ್ತಿದೆಯೋ ತುಂಬಿದೆಯೋ ಎಂದು ಮೊದಲು ಕೇಳಿಕೊಳ್ಳಿ. ಎಪ್ಪತ್ತರ ಭೀಮರಥ ಶಾಂತಿಗೂ ಇದೇ ಎಚ್ಚರಿಕೆ ಸಾಕು.

ಶಾಂತಿಯ ದಿನ ಕಲಶ ಸ್ಥಾಪನೆ, ನವಗ್ರಹ ಹೋಮ, ಆಯುಷ್ಯ ಹೋಮ, ಮೃತ್ಯುಂಜಯ ಹೋಮ ನಡೆಯುತ್ತವೆ. ಮಾರ್ಕಂಡೇಯನನ್ನೂ ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ ಮೊದಲಾದ ಚಿರಂಜೀವಿಗಳನ್ನೂ ಪೂಜಿಸುತ್ತಾರೆ. ಆಮೇಲೆ ದಂಪತಿಯನ್ನು ಮಣೆಯ ಮೇಲೆ ಕೂರಿಸಿ, ಮಕ್ಕಳು ಮೊಮ್ಮಕ್ಕಳು ಕಲಶದ ನೀರು ಹಾಕುತ್ತಾರೆ. ಒದ್ದೆ ಬಟ್ಟೆ ಬದಲಿಸಿ ಬಂದ ಮೇಲೆ ಕರಗಿಸಿದ ತುಪ್ಪದ ಬಟ್ಟಲಲ್ಲಿ ಮುಖ ನೋಡಿಕೊಂಡು ಅದನ್ನು ದಾನ ಕೊಡುತ್ತಾರೆ. ಇದಕ್ಕೆ ಆಜ್ಯಾವಲೋಕನ ಎನ್ನುತ್ತಾರೆ. ಮತ್ತೆ ತಾಳಿ ಕಟ್ಟಿಸುವುದು ಕೊನೆಗೆ. ಫೋಟೋದವರು ಕಾಯುವುದು ಅದಕ್ಕೇ ಆದರೂ ಶಾಂತಿಯ ತಿರುಳು ಹೋಮ, ಅಭಿಷೇಕಗಳಲ್ಲಿದೆ.

ಇನ್ನು ತಿಥಿ, ತಾರೀಖುಗಳ ಅಂತರ ನೋಡೋಣ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಅಂದರೆ ಸೌರವರ್ಷಕ್ಕಿಂತ 11 ದಿನ ಕಡಿಮೆ. ಈ ಕೊರತೆ ತುಂಬಲು ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬರುತ್ತದೆ. ಅಪ್ಪನ 60 ವರ್ಷದಲ್ಲಿ 720 ಮಾಸಗಳ ಜೊತೆಗೆ 22 ಅಧಿಕಮಾಸ ಸೇರಿ 742 ಆಗಿವೆ. ಅವನ್ನು 29.53ರಿಂದ ಗುಣಿಸಿದರೆ ಬರುವ ದಿನಗಳು 60 ಸೌರವರ್ಷಕ್ಕಿಂತ ಮೂರೇ ದಿನ ಕಡಿಮೆ. ಹಾಗಾಗಿ ಅರವತ್ತಕ್ಕೆ ತಿಥಿಯ ಹುಟ್ಟುಹಬ್ಬ ತಾರೀಖಿಗಿಂತ ಸುಮಾರು ಮೂರು ದಿನ ಮೊದಲು ಬರುತ್ತದೆ. ನಡುವೆ ಇನ್ನೊಂದು ಅಧಿಕಮಾಸ ಸೇರಿದ್ದರೆ ಮಾತ್ರ ಅದು ಹೆಚ್ಚುಕಡಿಮೆ ನಾಲ್ಕು ವಾರ ಮುಂದಕ್ಕೆ ಹೋಗುತ್ತದೆ.

ಎಂಬತ್ತಕ್ಕೆ ಈ ಹೊಂದಾಣಿಕೆ ಸಿಗುವುದಿಲ್ಲ. 80 ಸೌರವರ್ಷಕ್ಕೆ ಸುಮಾರು 989 ಮಾಸ, ಮೇಲೆ ಅರ್ಧ. ಮಾಸದ ಅರ್ಧ ಉಳಿಯುವುದರಿಂದ ತಿಥಿ ತಾರೀಖಿಗಿಂತ ಹದಿನೈದು ದಿನದಷ್ಟು ಹಿಂದೆಯೋ ಮುಂದೆಯೋ ಬೀಳುತ್ತದೆ. 1945ರ ಯುಗಾದಿಯಂದು ಹುಟ್ಟಿದ ಅಜ್ಜಿಯೊಬ್ಬರಿದ್ದಾರೆ ಎಂದುಕೊಳ್ಳಿ. ಆ ವರ್ಷ ಯುಗಾದಿ ಬಂದಿದ್ದು ಏಪ್ರಿಲ್ ಎರಡನೇ ವಾರದಲ್ಲಿ. ಎಂಬತ್ತು ತುಂಬಿದ್ದು 2025ರ ಮಾರ್ಚ್ 30ಕ್ಕೆ, ಅಂದರೆ ತಾರೀಖಿನ ಹುಟ್ಟುಹಬ್ಬಕ್ಕೆ ಎರಡು ವಾರ ಮೊದಲೇ.

ಸಹಸ್ರಚಂದ್ರ ದರ್ಶನ ಶಾಂತಿಗೆ ಇದೇ ಅಜ್ಜಿಯ ಹುಣ್ಣಿಮೆಗಳನ್ನು ಎಣಿಸೋಣ. ಯುಗಾದಿಯ ಪಾಡ್ಯಕ್ಕೆ ಹುಟ್ಟಿದವರಾದ್ದರಿಂದ ಎಣಿಕೆ ಸಲೀಸು, ಒಂದು ಮಾಸಕ್ಕೆ ಒಂದು ಹುಣ್ಣಿಮೆ. 80 ವರ್ಷಕ್ಕೆ 960, ಅಧಿಕಮಾಸದವು 29, ಒಟ್ಟು 989. ಸಾವಿರಕ್ಕೆ ಇನ್ನು 11 ಬೇಕು. 2025ರ ದವನದ ಹುಣ್ಣಿಮೆ 990ನೆಯದು, ಕಾರಹುಣ್ಣಿಮೆ 992, ನೂಲಹುಣ್ಣಿಮೆ 994, ಸೀಗೆ ಹುಣ್ಣಿಮೆ 996, ಬನದ ಹುಣ್ಣಿಮೆ 999. ಸಾವಿರದ್ದು 2026ರ ಫೆಬ್ರವರಿ 1ರ ಭಾರತ ಹುಣ್ಣಿಮೆ. ಎಂಬತ್ತು ತುಂಬಿ ಹತ್ತು ತಿಂಗಳಾಗಿತ್ತು.

ಈ ವಿಷಯದಲ್ಲಿ ಇನ್ನೆರಡು ಲೆಕ್ಕಗಳನ್ನೂ ಕೇಳಿರುತ್ತೀರಿ. ಒಂದು, 83 ವರ್ಷ 4 ತಿಂಗಳು. ಅದು 1000ವನ್ನು 12ರಿಂದ ಭಾಗಿಸಿದ್ದಷ್ಟೇ, ಅಧಿಕಮಾಸದ ಹುಣ್ಣಿಮೆಗಳನ್ನು ಬಿಟ್ಟುಬಿಟ್ಟಿದೆ. ಇನ್ನೊಂದು, 80 ವರ್ಷ 8 ತಿಂಗಳು. ಇದರಲ್ಲಿ ಅಧಿಕಮಾಸ ಸೇರಿದೆ, ಆದರೂ ಹುಣ್ಣಿಮೆ ಹಿಡಿದು ಎಣಿಸಿದರೆ ಸಾವಿರ ಆಗುವುದಕ್ಕಿಂತ ಎರಡು ತಿಂಗಳು ಮೊದಲೇ ಅದು ಬಂದುಬಿಡುತ್ತದೆ. ಎಂಟು ತಿಂಗಳೋ ಹತ್ತು ತಿಂಗಳೋ, ಎರಡೂ ಬೀಳುವುದು 81ನೇ ವರ್ಷದಲ್ಲೇ. ಆ ವರ್ಷದೊಳಗೆ ಒಳ್ಳೆಯ ದಿನ ನೋಡಿ ಮಾಡಿದರೆ ಜಗಳಕ್ಕೆ ಕಾರಣವಿಲ್ಲ ಎನ್ನುವುದು ನನ್ನ ಅಭಿಪ್ರಾಯ. 83ರವರೆಗೆ ಮುಂದೂಡುವುದಕ್ಕೆ ಮಾತ್ರ ಲೆಕ್ಕದ ಆಧಾರ ಕಾಣುವುದಿಲ್ಲ.

ಅಧಿಕಮಾಸದಲ್ಲಿ ಹುಟ್ಟಿದವರ ಮಾತು ಬೇರೆ. ಅದೇ ಅಧಿಕಮಾಸ ಮತ್ತೆ ಬರಲು ಹಲವು ವರ್ಷ ಕಾಯಬೇಕಾದ್ದರಿಂದ ಅವರ ವರ್ಧಂತಿಯನ್ನು ಅದೇ ಹೆಸರಿನ ಮಾಮೂಲು ಮಾಸದಲ್ಲಿ ಮಾಡುತ್ತಾರೆ. 2026ರಲ್ಲಿ ಜ್ಯೇಷ್ಠ ಅಧಿಕವಾಗಿ ಬಂದಿದೆ. ಮಾಮೂಲು ಜ್ಯೇಷ್ಠದಲ್ಲಿ ಹುಟ್ಟಿದವರು ಮೇ ಮಧ್ಯದಲ್ಲಿ ಶುರುವಾಗುವ ಅಧಿಕ ಜ್ಯೇಷ್ಠವನ್ನು ಬಿಟ್ಟು, ಜೂನ್ ಮಧ್ಯದ ನಂತರ ಬರುವ ನಿಜ ಜ್ಯೇಷ್ಠವನ್ನೇ ನೋಡಬೇಕು.

ಇಷ್ಟೂ ಚಾಂದ್ರಮಾನದವರ ಲೆಕ್ಕ. ಕರಾವಳಿಯ ಹಲವು ಮನೆಗಳಲ್ಲಿ, ತಮಿಳು ಮೂಲದ ಮನೆಗಳಲ್ಲಿ ಸೌರಮಾಸ ಹಿಡಿದು ಆ ತಿಂಗಳ ಜನ್ಮನಕ್ಷತ್ರದ ದಿನ ಮಾಡುತ್ತಾರೆ. ಹಾಗಾಗಿ ತಿಥಿ ಹುಡುಕುವ ಮೊದಲು ಮನೆತನದ ಪದ್ಧತಿ ಯಾವುದು ಎಂದು ಕೇಳಿ. ಅಮೆರಿಕದಲ್ಲಿ ಮಾಡುವವರಿದ್ದರೆ ಅಲ್ಲಿನ ಊರಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ ಪಂಚಾಂಗ ಬೇಕು, ಏಕೆಂದರೆ ಬೆಂಗಳೂರಿನ ಪಂಚಾಂಗ ತೋರಿಸುವ ತಿಥಿ ಅಲ್ಲಿ ಒಂದು ದಿನ ಮೊದಲೇ ಬಂದುಹೋಗಿರಬಹುದು.